ಪಾಪು ನಿದ್ದೆಯಿಂದ ಎದ್ದು

ಇಂಗ್ಲಿಷ್ ಸ್ಪೆಲ್ಲಿಂಗ್ ಸ್ಪರ್ಧೆಯ ಮೂರನೆಯ ಸುತ್ತು ಆರಂಭವಾಗುವ ಹೊತ್ತಿಗೆ ಮಂಗಳೂರಿನ ಪುರಭವನದ ವೇದಿಕೆಯ ಮೇಲೆ ಉಳಿದಿದ್ದವರು ಹನ್ನೊಂದು ಮಂದಿ ಮಾತ್ರ. ಸೋತವರು ಕೆಳಗಿಳಿದು ತಮ್ಮ ತಮ್ಮ ಟೀಚರುಗಳ ಪಕ್ಕದಲ್ಲಿ ಕುಳಿತು, ತಾವು ತಪ್ಪಿದ ಪದವನ್ನು ಈಗ ಸರಿಯಾಗಿ ಹೇಳಿ ತೋರಿಸುತ್ತಿದ್ದರು. ಕಟಪಾಡಿಯ ಸರಕಾರಿ ಶಾಲೆಯಿಂದ ಬಂದಿದ್ದ ಇಬ್ಬರೂ ಇನ್ನೂ ವೇದಿಕೆಯ ಮೇಲೆಯೇ ಇದ್ದರು. ಒಬ್ಬಳು ಏಳನೆಯ ತರಗತಿಯ ಪ್ರತೀಕ್ಷಾ, ಇನ್ನೊಬ್ಬ ಒಂಬತ್ತನೆಯ ತರಗತಿಯ ನಿಹಾಲ್. ಹಿಂದಿನ ವರ್ಷ ಇದೇ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಪಡೆದಿದ್ದ ನಿಹಾಲ್‌ನ ಮಾತಿಗೆ ಶಾಲೆಯಲ್ಲಿ ತೂಕವಿತ್ತು. ಇಂಗ್ಲಿಷಿನ ವಿನಯಾ ಟೀಚರ್ ಕೂಡ ಒಮ್ಮೊಮ್ಮೆ ಕರಿಹಲಗೆಯ ಮುಂದೆ ನಿಂತು, "ನಿಹಾಲ್, ಇದರಲ್ಲಿ ಎಲ್ ಒಂದಾ ಎರಡಾ?" ಎಂದು ಕೇಳುವುದಿತ್ತು.

ಪ್ರತೀಕ್ಷಾಳ ಅಂದಿನ ಕಷ್ಟಕ್ಕೆ ಕಾರಣವಾದದ್ದೂ ಆ ತೂಕವೇ.

ಬೆಳಿಗ್ಗೆ ಹೆಸರು ನೋಂದಾಯಿಸುವಾಗ ಸ್ಪರ್ಧಿಗಳ ಪುಸ್ತಕ, ಚೀಟಿ, ಮೊಬೈಲುಗಳನ್ನೆಲ್ಲ ಬಾಗಿಲಲ್ಲಿಯೇ ತೆಗೆದಿರಿಸಿ ಮಕ್ಕಳನ್ನು ಒಳಗೆ ಕೂರಿಸಿದ್ದರು. ಹೊತ್ತು ಕಳೆಯಲು ಇಬ್ಬರೂ ಒಬ್ಬರನ್ನೊಬ್ಬರು ಪದ ಕೇಳುತ್ತಿದ್ದಾಗ, ಪ್ರತೀಕ್ಷಾ ತನಗೆ ಚೆನ್ನಾಗಿ ಬರುವ ಪದವೆಂದು ನ್ಯುಮೋನಿಯವನ್ನು ಹೇಳಿದಳು. ನಿಹಾಲ್ ಅವಳನ್ನು ಅರ್ಧದಲ್ಲೇ ತಡೆದ.

"ಪಿ, ಎನ್ ಸರಿ. ಆಮೇಲೆ ಯು ಮೊದಲು ಬರ್ತದೆ, ಇ ಆಮೇಲೆ. ನ್ಯೂ ಅಂತ ಕೇಳ್ತದಲ್ಲ? ಬ್ಲೂ ನೋಡು, ಟ್ಯೂಸ್‌ಡೇ ನೋಡು, ವ್ಯಾಲ್ಯೂ ನೋಡು. ಎಲ್ಲದರಲ್ಲೂ ಯು, ಇ."

"ಇಲ್ಲ ನಿಹಾಲಣ್ಣ, ಇದರಲ್ಲಿ ಇ ಮೊದಲು. ನನ್ನ ಹತ್ತಿರ ಒಂದು ವಾಕ್ಯ ಉಂಟು."

"ಎಂತ ವಾಕ್ಯ ಮಾರಾಯ್ತಿ? ಸ್ಪೆಲ್ಲಿಂಗಿಗೆ ನಿಯಮ ಬೇಕು, ವಾಕ್ಯ ಅಲ್ಲ."

ಅವನು ಕೊಟ್ಟ ಮೂರು ಉದಾಹರಣೆಗಳೂ ಸರಿಯಾಗಿದ್ದುದರಿಂದ ಅವಳಿಗೆ ಎದುರು ಹೇಳಲು ಏನೂ ಸಿಗಲಿಲ್ಲ. ನಿಘಂಟು ಇದ್ದಿದ್ದರೆ ಅರ್ಧ ನಿಮಿಷದಲ್ಲಿ ತೀರುತ್ತಿದ್ದ ಜಗಳವದು. ನಿಘಂಟು ಬಾಗಿಲ ಬಳಿಯ ಮೇಜಿನ ಮೇಲೆ, ಚೀಲದೊಳಗೆ ಇತ್ತು.

ಆ ವಾಕ್ಯ ಹುಟ್ಟಿದ್ದು ಹಿಂದಿನ ಮಳೆಗಾಲದಲ್ಲಿ. ಆಗಷ್ಟೇ ಒಂದು ವರ್ಷ ತುಂಬಿದ್ದ ಅವಳ ತಮ್ಮನಿಗೆ ಜ್ವರ, ಕೆಮ್ಮು ಬಂದು, ಉಸಿರೆಳೆದುಕೊಳ್ಳುವಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳತೊಡಗಿತ್ತು. ಅಮ್ಮ ಅವನನ್ನು ಎತ್ತಿಕೊಂಡು, ಪ್ರತೀಕ್ಷಾ ಕೊಡೆ ಹಿಡಿದುಕೊಂಡು, ಇಬ್ಬರೂ ಉಡುಪಿಯ ಆಸ್ಪತ್ರೆಗೆ ಹೋದರು. ಅಲ್ಲಿ ನರ್ಸಮ್ಮ ಮಗುವಿನ ಅಂಗಿಯನ್ನು ಮೇಲೆ ಸರಿಸಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಅವನ ಉಸಿರನ್ನು ಎಣಿಸಿದರು. ಆ ಒಂದು ನಿಮಿಷ ಮುಗಿಯುವವರೆಗೂ ಅಮ್ಮ ತುಟಿ ಬಿಚ್ಚಲಿಲ್ಲ. ಒಂದು ವರ್ಷ ದಾಟಿದ ಮಗುವಿನ ಉಸಿರು ನಿಮಿಷಕ್ಕೆ 40 ಮುಟ್ಟಿದರೆ ಅದನ್ನು ವೇಗದ ಉಸಿರಾಟವೆಂದು ಲೆಕ್ಕ ಹಿಡಿಯುತ್ತಾರೆ ಎಂದೂ, ಇವನದು ಅದಕ್ಕಿಂತ ಬಹಳ ಮೇಲಿದೆ ಎಂದೂ ಡಾಕ್ಟರು ವಿವರಿಸಿದರು. ಶ್ವಾಸಕೋಶದೊಳಗಿನ ಸಣ್ಣ ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿದರೆ ಗಾಳಿಗೆ ಜಾಗ ಸಾಲದು, ಆದ್ದರಿಂದ ಮಗು ಬೇಗ ಬೇಗ ಉಸಿರೆಳೆಯುತ್ತದೆ ಎಂದು ಅವರು ಹೇಳಿದ್ದನ್ನು ಅಮ್ಮನಿಗಿಂತ ಹೆಚ್ಚು ಗಮನವಿಟ್ಟು ಕೇಳಿದವಳು ಪ್ರತೀಕ್ಷಾ. ಆಮ್ಲಜನಕ, ಆ್ಯಂಟಿಬಯೋಟಿಕ್ ಇಂಜೆಕ್ಷನ್, ಕೆಲವು ದಿನಗಳ ನಿದ್ದೆಗೇಡು. ಕೊನೆಗೆ ಮಗು ಚೇತರಿಸಿಕೊಂಡು ಮನೆಗೆ ಬಂತು.

ಬಿಡುಗಡೆಯ ಕಾಗದದ ಮೇಲೆ ರೋಗದ ಹೆಸರನ್ನು ದೊಡ್ಡಕ್ಷರಗಳಲ್ಲಿ ಮುದ್ರಿಸಿದ್ದರು. ದುಬೈಯಲ್ಲಿರುವ ಅಪ್ಪ ಫೋನಿನಲ್ಲಿ ಆ ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿದಾಗ, ಮೊದಲನೆಯದು ಪಿ ಎಂದು ಅಮ್ಮ ಓದಿದ್ದನ್ನು ಅವರು ನಂಬಲೇ ಇಲ್ಲ. ಅಂದು ರಾತ್ರಿ ಪ್ರತೀಕ್ಷಾ ಕಾಗದವನ್ನು ಮುಂದಿಟ್ಟುಕೊಂಡು, ಒಂದೊಂದು ಅಕ್ಷರಕ್ಕೆ ಒಂದೊಂದು ಪದ ಹುಡುಕುತ್ತ ಕುಳಿತಳು. ಮನೆಯ ಮಾತಾದ ತುಳುವಿನಲ್ಲಿ ಆರಂಭಿಸಿದರೆ ಮೊದಲ ಹೆಜ್ಜೆಯೇ ತಪ್ಪುತ್ತಿತ್ತು, ಏಕೆಂದರೆ ತುಳುವಿನಲ್ಲಿ ಮಗು ಬಾಲೆಯಾಗುತ್ತದೆ, ಇಲ್ಲಿ ಬೇಕಾದದ್ದು ಪಿ. ಕನ್ನಡದಲ್ಲಿ ಪಾಪು ಸಿಕ್ಕಿತು. ತೊಟ್ಟಿಲಿಗೆ ಟಿ ಬರುವುದರಿಂದ ಅದನ್ನು ಬಿಟ್ಟು ಚಾವಡಿಯ ಉಯ್ಯಾಲೆಯನ್ನು ತಂದಳು. ನರ್ಸಮ್ಮನ ಗಡಿಯಾರದಿಂದ ಒಂದು ನಿಮಿಷ ಬಂತು. ಹೀಗೆ ಒಂಬತ್ತು ಅಕ್ಷರಗಳಿಗೆ ಒಂಬತ್ತು ಪದಗಳು ಕೂಡಿದವು: ಪಾಪು ನಿದ್ದೆಯಿಂದ ಎದ್ದು ಉಯ್ಯಾಲೆ ಮೇಲೆ ಒಂದೇ ನಿಮಿಷ ಇದ್ದು ಅತ್ತಿತು.

ವಾಕ್ಯವನ್ನು ಅಪ್ಪನಿಗೆ ಮೊಬೈಲಿನಲ್ಲಿ ಕಳುಹಿಸಿದಳು. ಅವರಿಬ್ಬರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡುವ ರೂಢಿಯವರು. ಆ ರೂಢಿ ಇಲ್ಲದಿದ್ದರೆ ಈ ಉಪಾಯ ಕೈಕೊಡುತ್ತಿತ್ತು ಎಂಬುದನ್ನು ಇಲ್ಲಿಯೇ ಹೇಳಬೇಕು. ಎದ್ದು ಎಂಬಲ್ಲಿ ಕಿವಿಗೆ ಬೀಳುವುದು ಇಂಗ್ಲಿಷಿನ ಎ, ಇದ್ದು ಎಂಬಲ್ಲಿ ಕೇಳುವುದು ಇಂಗ್ಲಿಷಿನ ಇ. ಟೈಪ್ ಮಾಡುವಾಗ ಬೆರಳು ಒತ್ತುವುದು ಬೇರೆಯನ್ನೇ. ಅಪ್ಪ ಉತ್ತರವಾಗಿ, "ಪಾಪು ಅತ್ತದ್ದು ಯಾಕೆ? ಈಗ ಉಸಿರಾಟ ಸರಿ ಉಂಟಾ?" ಎಂದು ಗಾಬರಿಯಿಂದ ಕೇಳಿದ್ದರು. ಅದು ಸ್ಪೆಲ್ಲಿಂಗ್ ಎಂದು ಅವರಿಗೆ ತಿಳಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು.

ಪುರಭವನದಲ್ಲಿ ಅವಳ ಸಂಖ್ಯೆಯನ್ನು ಕರೆದರು. ಮೈಕು ಅವಳ ಎತ್ತರಕ್ಕಿಂತ ಮೇಲಿದ್ದುದರಿಂದ ಸ್ವಯಂಸೇವಕನೊಬ್ಬ ಬಂದು ಅದನ್ನು ಇಳಿಸಿಕೊಟ್ಟ. ಪದ ಹೇಳುವ ನಿವೃತ್ತ ಪ್ರಾಧ್ಯಾಪಕರು ಕನ್ನಡಕವನ್ನು ಸರಿಪಡಿಸಿಕೊಂಡು ಪದವನ್ನು ಓದಿದರು.

"ನ್ಯುಮೋನಿಯ."

ಸಭೆಯಲ್ಲಿ ಯಾರೋ "ಛೆ" ಎಂದದ್ದು ಕೇಳಿಸಿತು. ಪ್ರತೀಕ್ಷಾಳ ಬೆನ್ನ ಹಿಂದೆ ಒಂದು ಕುರ್ಚಿ ಕಿರುಗುಟ್ಟಿತು. ಅದು ನಿಹಾಲ್‌ನದೇ ಇರಬೇಕೆಂದು ಅವಳಿಗೆ ತಿರುಗಿ ನೋಡದೆಯೇ ತಿಳಿಯಿತು. ಅರ್ಥ ಕೇಳುವ, ಮೂಲ ಭಾಷೆ ಕೇಳುವ, ಪದವನ್ನು ಇನ್ನೊಮ್ಮೆ ಹೇಳಿಸಿಕೊಳ್ಳುವ ಹಕ್ಕು ಸ್ಪರ್ಧಿಗಳಿಗಿತ್ತು. ಅರ್ಥ ಅವಳಿಗೆ ಬೇಕಾಗಿರಲಿಲ್ಲ, ಆದರೂ ಸಮಯ ಬೇಕಾಗಿದ್ದುದರಿಂದ ಮೂರನ್ನೂ ಕೇಳಿದಳು. ಶ್ವಾಸಕೋಶದ ಸೋಂಕು ಎಂದರು, ಗ್ರೀಕ್ ಮೂಲದ್ದು ಎಂದರು, ಪದವನ್ನು ಮೊದಲಿಗಿಂತ ನಿಧಾನವಾಗಿ ಹೇಳಿದರು. ನಿಧಾನವಾಗಿ ಹೇಳಿದಷ್ಟೂ ಅದು ನ್ಯೂ ಎಂದೇ ಕೇಳಿಸಿತು. ಬ್ಲೂ, ಟ್ಯೂಸ್‌ಡೇ, ವ್ಯಾಲ್ಯೂ ಒಂದರ ಹಿಂದೊಂದು ಸಾಲಾಗಿ ಬಂದು ನಿಂತವು.

ಬಾಯಿಂದ ಹೊರಬಿದ್ದ ಅಕ್ಷರವನ್ನು ಬದಲಿಸುವಂತಿಲ್ಲ ಎಂಬುದು ನಿಯಮ. ಪಿ ಮತ್ತು ಎನ್ ಹೇಳುವುದರಲ್ಲಿ ಅಪಾಯವಿರಲಿಲ್ಲ. ಅವೆರಡನ್ನು ಹೇಳಿ ಅವಳು ನಿಂತಳು.

ಬಿಡುಗಡೆಯ ಕಾಗದವನ್ನು ಕಣ್ಣ ಮುಂದೆ ತಂದುಕೊಳ್ಳಲು ಯತ್ನಿಸಿದಳು. ಕಾಗದದ ಮೂಲೆಯಲ್ಲಿ ತಾಗಿದ್ದ ಗಂಜಿಯ ಕಲೆ ನೆನಪಾಯಿತೇ ಹೊರತು ಅಕ್ಷರಗಳು ಕಾಣಲಿಲ್ಲ. ನಿಹಾಲಣ್ಣ ಹೇಳಿದ್ದು ನಿಯಮ. ತನ್ನ ಹತ್ತಿರ ಇರುವುದು ಅಳುವ ಮಗುವಿನ ಕಥೆ. ಆದರೆ ಆ ಕಥೆಯನ್ನು ಕಟ್ಟಿದ್ದು ಮುದ್ರಿತ ಹೆಸರನ್ನು ಎದುರಿಗಿಟ್ಟುಕೊಂಡು, ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು. ನಿಹಾಲಣ್ಣ ಆ ಕಾಗದವನ್ನು ನೋಡಿರಲಿಲ್ಲ. ಬೇರೆ ಪದಗಳನ್ನು ನೋಡಿ ಈ ಪದವನ್ನು ಊಹಿಸಿದ್ದ. ಹಾಗಾದರೆ ವಾಕ್ಯದಲ್ಲಿ ಪದಗಳು ಹಿಂದುಮುಂದಾಗಿರಬಹುದೇ ಎಂದು ಇನ್ನೊಂದು ಸಂಶಯ ಎದ್ದಿತು. ಅವಳು ಅವನ ನಿಯಮದಂತೆ ಯು ಅನ್ನು ಮುಂದೆ ತಂದು, ಇ ಅನ್ನು ಹಿಂದೆ ಸರಿಸಿ ಮನಸ್ಸಿನಲ್ಲಿಯೇ ಹೇಳಿಕೊಂಡಳು: ಪಾಪು ನಿದ್ದೆಯಿಂದ ಉಯ್ಯಾಲೆ ಎದ್ದು.

ಉಯ್ಯಾಲೆ ನಿದ್ದೆಯಿಂದ ಎದ್ದಿತೇ? ಅವಳಿಗೆ ನಗು ಬಂದೇಬಿಟ್ಟಿತು. ಏಳಬೇಕಾದದ್ದು ಪಾಪು. ಎದ್ದ ಮೇಲೆಯೇ ಉಯ್ಯಾಲೆ. ಬೇರೆ ಯಾವ ರೀತಿಯಲ್ಲಿ ಜೋಡಿಸಿದರೂ ಅದು ವಾಕ್ಯವೇ ಆಗುತ್ತಿರಲಿಲ್ಲ.

"ಸಮಯ ಮುಗಿಯುತ್ತ ಬಂತು," ಎಂದು ತೀರ್ಪುಗಾರರಲ್ಲೊಬ್ಬರು ಎಚ್ಚರಿಸಿದರು.

"ಇ," ಎಂದಳು ಪ್ರತೀಕ್ಷಾ. "ಯು. ಎಮ್. ಓ. ಎನ್."

ಇದ್ದು ಎಂಬಲ್ಲಿ ಬಾಯಿ ಇ ಎನ್ನಲು ಹೊರಟಿತ್ತು. ಅಪ್ಪನಿಗೆ ಟೈಪ್ ಮಾಡುವ ಬೆರಳನ್ನು ನೆನೆದು ತಡೆದುಕೊಂಡಳು.

"ಐ. ಎ."

ಪ್ರಾಧ್ಯಾಪಕರು ತಮ್ಮ ಹಾಳೆಯ ಮೇಲೆ ಗುರುತು ಹಾಕಿ, "ಸರಿ" ಎಂದರು. ಚಪ್ಪಾಳೆಯ ನಡುವೆ ಅವಳು ಕುರ್ಚಿಗೆ ಮರಳುವಾಗ ನಿಹಾಲ್ ಎದ್ದು ಮೈಕಿನ ಕಡೆಗೆ ಹೊರಟಿದ್ದ. ಅವಳತ್ತ ನೋಡಿ ಹುಬ್ಬೇರಿಸಿದ, ಏನೂ ಹೇಳಲಿಲ್ಲ. ಅವನಿಗೆ ಬಂದ ಪದ ರಿದಮ್. ಆತ್ಮವಿಶ್ವಾಸದಿಂದಲೇ ಆರಂಭಿಸಿದವನು ಆರ್ ಆದ ಮೇಲಿನ ಎಚ್ ಅನ್ನು ಬಿಟ್ಟು ಮುಂದೆ ಹೋಗಿಬಿಟ್ಟ. ಆ ಎಚ್ ಕಿವಿಗೆ ಕೇಳುವುದಿಲ್ಲ. ಯಾವ ನಿಯಮವೂ ಅವನಿಗೆ ಅದನ್ನು ನೆನಪಿಸಲಿಲ್ಲ. ಪ್ರತೀಕ್ಷಾ ಇನ್ನೂ ಎರಡು ಸುತ್ತು ಉಳಿದು, ಬ್ಯೂರೋಕ್ರಸಿಯ ಕೊನೆಯಲ್ಲಿ ಸಿ ಇರಬೇಕಾದಲ್ಲಿ ಎಸ್ ಹೇಳಿ, ಮೂರನೆಯ ಬಹುಮಾನದೊಂದಿಗೆ ಕೆಳಗಿಳಿದಳು. ವಿನಯಾ ಟೀಚರ್ ಇಬ್ಬರಿಗೂ ಹಂಪನಕಟ್ಟೆಯಲ್ಲಿ ಐಸ್‌ಕ್ರೀಮ್ ಕೊಡಿಸಿದರು.

ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಹೊರಟ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಕೂಳೂರಿನ ಸೇತುವೆ ದಾಟುವವರೆಗೂ ನಿಹಾಲ್ ಕಿಟಕಿಯ ಹೊರಗೆಯೇ ನೋಡುತ್ತಿದ್ದ. ಸುರತ್ಕಲ್ಲಿನಲ್ಲಿ ಜನ ಹತ್ತಿ ಇಳಿಯುತ್ತಿರುವಾಗ ಕೇಳಿದ.

"ನಿನ್ನ ಆ ವಾಕ್ಯ ಎಂತದ್ದು?"

ಅವಳು ಹೇಳಿದಳು. ಅವನು ಬೆರಳು ಮಡಚಿ ಅಕ್ಷರಗಳನ್ನು ಎಣಿಸಿದ. "ಇದನ್ನು ಮೊದಲೇ ಹೇಳ್ಬಾರದಿತ್ತಾ?"

"ಹೇಳ್ಲಿಕ್ಕೆ ನೀವು ಬಿಟ್ಟಿದ್ರೆ ತಾನೆ!"

ಪಾವಂಜೆ ದಾಟಿತು, ಮೂಲ್ಕಿ ದಾಟಿತು. ನಿಹಾಲ್ ತುಟಿಯಲ್ಲಿ ಏನನ್ನೋ ಮಣಮಣಿಸುತ್ತಿದ್ದವನು ಹೆಜಮಾಡಿಯ ಹತ್ತಿರ ತಟ್ಟನೆ ಅವಳತ್ತ ತಿರುಗಿದ. "ಕೇಳು. ರಾಮ ಹೊಸ ಯಂತ್ರ ತಂದು. ಆರ್, ಎಚ್, ವೈ, ಟಿ. ಇನ್ನು ಒಂದು ಎಚ್, ಒಂದು ಎಮ್ ಬೇಕು."

"ಹ ಅಂದ್ರೆ ಹಸು? ಹಲಸು?"

"ಯಂತ್ರಕ್ಕೂ ಹಲಸಿಗೂ ಎಂತ ಸಂಬಂಧ?"

ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಂತೆ ಕಂಡಿದ್ದ ಅಜ್ಜರೊಬ್ಬರು ಮಡಿಲಲ್ಲಿದ್ದ ಚೀಲವನ್ನು ಸರಿಪಡಿಸಿಕೊಂಡು ಹಿಂದಕ್ಕೆ ತಿರುಗಿದರು.

"ಅಲ್ಲ ಮಕ್ಕಳೇ, ಹೊಸ ಯಂತ್ರ ತಂದ ಸರಿ, ಹಳೆಯದನ್ನು ಎಂತ ಮಾಡಿದ ಅವ?"

"ಮಾರಿದ!" ಎಂದು ಇಬ್ಬರೂ ಒಟ್ಟಿಗೆ ಕೂಗಿದ ರಭಸಕ್ಕೆ, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಯಾರಿಗೋ ಇಳಿಯಬೇಕಾಗಿದೆ ಎಂದುಕೊಂಡು ಸೀಟಿ ಊದಿಯೇಬಿಟ್ಟ.