ದರಗಿಗೆ ಹೋದ ದಿನ: ಮಂಗನ ಕಾಯಿಲೆ ಅಧ್ಯಯನಕ್ಕೆ ಸಂದರ್ಶನ ಮಾರ್ಗಸೂಚಿ

ಸಾಗರ ಮತ್ತು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸಂದರ್ಶನ ಮಾಡುವ ನಮ್ಮ ಮೂವರ ಬಳಕೆಗೆ. ಒಟ್ಟು 12 ಜನ: ಕಾಡಿನಿಂದ ದರಗು ಅಂದರೆ ಒಣಗಿದ ಎಲೆ, ಸೊಪ್ಪು ತರುವ ಆರು ಹೆಂಗಸರು, ತೋಟದ ಕೆಲಸದ ನಾಲ್ವರು, ಕಾಡಿಗೆ ದನ ಬಿಡುವ ಇಬ್ಬರು. ಒಬ್ಬರ ಜೊತೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಂಕಿ ಹಾಕಿದ ಪ್ರಶ್ನೆಗಳನ್ನು ಎಲ್ಲರಿಗೂ ಕೇಳಲೇಬೇಕು. ಗೆರೆ ಎಳೆದವು ಕೆದಕುವ ಪ್ರಶ್ನೆಗಳು. ಮಾತು ಅಲ್ಲಿಗೆ ಹೋದರೆ ಮಾತ್ರ ಬೇಕು. ಕ್ರಮ ತಪ್ಪಿದರೆ ಚಿಂತೆಯಿಲ್ಲ. ಅವರೇ ನಾಲ್ಕನೆಯದಕ್ಕೆ ಹಾರಿದರೆ ನೀವೂ ಹಾರಿ, ಎರಡನೆಯದಕ್ಕೆ ಆಮೇಲೆ ಬನ್ನಿ.

ನಮಗೆ ಬೇಕಾದ್ದು

ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ. ಉಣುಗು ಕಚ್ಚಿದರೆ ಬರುತ್ತದೆ, ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಬೇಕು ಅನ್ನುವುದು ಇಲ್ಲಿ ಶಾಲೆ ಮಕ್ಕಳಿಗೂ ಬಾಯಿಪಾಠ. ಹಾಗಾಗಿ "ಗೊತ್ತಾ?" ಅಂತ ಕೇಳುವುದು ದಂಡ. ಗೊತ್ತಿದ್ದೂ ಎಣ್ಣೆ ಬಾಟಲಿ ಯಾಕೆ ಹಾಗೇ ಉಳಿಯುತ್ತದೆ? ಜ್ವರ ಬಂದ ಮೇಲೆ ಆಸ್ಪತ್ರೆಗೆ ಹೋಗುವ ತನಕ ಮನೆಯೊಳಗೆ ಏನೇನು ನಡೆಯುತ್ತದೆ? ಈ ಎರಡು ಗೊತ್ತಾದರೆ ಸಾಕು.

ಡಿಸೆಂಬರ್‌ನಲ್ಲಿ ಪ್ರಯೋಗಕ್ಕೆ ಎರಡು ಸಂದರ್ಶನ ಮಾಡಿದ್ದೆ. ಮೊದಲನೆಯದು ಪೂರಾ ಕೆಟ್ಟಿತು, ತಪ್ಪು ನನ್ನದೇ. "ಕಾಡಿಗೆ ಹೋಗುವಾಗ ಎಣ್ಣೆ ಹಚ್ಕೊಳ್ತೀರಾ ಅಮ್ಮ?" ಅಂತ ಕೇಳಿದೆ. "ಹೂಂ, ಹಚ್ಚದೆ ಹೋಗೂದೇ ಇಲ್ಲ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಹೊರಡುವಾಗ ಹೊಸ ಕರು ನೋಡಲು ಕೊಟ್ಟಿಗೆಗೆ ಕರೆದರು. ಗೋಡೆಯ ಗೂಡಿನಲ್ಲಿ ಎರಡು ಬಾಟಲಿ ಡೆಪಾ ಎಣ್ಣೆ ಇತ್ತು, ಎರಡರ ಸೀಲೂ ಒಡೆದಿರಲಿಲ್ಲ. ಮೇಲೆ ಜೇಡರ ಬಲೆ. ಆಕೆ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸಲಿಲ್ಲ. ನಾನು ಪರೀಕ್ಷೆ ಮಾಡುವವನ ಹಾಗೆ ಕೇಳಿದೆ, ಅವರು ಪಾಸಾಗುವ ಉತ್ತರ ಕೊಟ್ಟರು. ಎರಡನೇ ಮನೆಯಲ್ಲಿ "ಕಡೇ ಸಲ ದರಗಿಗೆ ಹೋಗಿದ್ದು ಯಾವತ್ತು?" ಅಂತ ಶುರು ಮಾಡಿದೆ. ಅರ್ಧ ಗಂಟೆಯಲ್ಲಿ ಎಣ್ಣೆಯ ವಾಸನೆ, ಹಾಲು ಕರೆಯಲು ಬಿಡದೆ ಒದ್ದ ಹಸು, ನಕ್ಕ ಓರಗಿತ್ತಿ, ಎಲ್ಲ ತಾನಾಗಿಯೇ ಬಂತು. ಈ ಮಾರ್ಗಸೂಚಿ ಆ ಎರಡನೇ ಮನೆಯಿಂದ ಹುಟ್ಟಿದ್ದು.

ಹೋಗುವ ಹೊತ್ತು

ಊಟ ಮುಗಿದ ಮೇಲೆ, ಸಂಜೆ ಹಾಲು ಕರೆಯುವ ಮೊದಲು. ಅಡಿಕೆ ಸುಲಿಯುವ ದಿನವಾದರೆ ಅವರ ಪಕ್ಕದಲ್ಲೇ ಕೂತು ಮಾತಾಡಿ, ಕೈ ಕೆಲಸದಲ್ಲಿದ್ದರೆ ಬಾಯಿ ಸಲೀಸು. ಆದರೆ ಸುಲಿಯುವ ಸದ್ದು ರೆಕಾರ್ಡಿಂಗ್‌ಗೆ ಬರುತ್ತದೆ, ಮೊಬೈಲನ್ನು ಅವರ ಮಡಿಲ ಹತ್ತಿರ ಇಡಿ. ಕುಡಿಯಲು ಆಸರಿಗೆ ಕೊಟ್ಟರೆ ಬೇಡ ಅನ್ನಬೇಡಿ. ಆಶಾ ಕಾರ್ಯಕರ್ತೆಯ ಜೊತೆ ಹೋಗಲೇಬೇಡಿ. ಎಣ್ಣೆ ಕೊಟ್ಟವರ ಎದುರು ಎಣ್ಣೆ ಹಚ್ಚಲಿಲ್ಲ ಅಂತ ಯಾರು ಹೇಳುತ್ತಾರೆ?

ಒಪ್ಪಿಗೆ: ಓದಬೇಡಿ, ಹೇಳಿ

"ಅಮ್ಮ, ನಾವು ಶಿವಮೊಗ್ಗದಲ್ಲಿ ಓದುತ್ತಿರುವವರು. ಆಸ್ಪತ್ರೆಯವರೂ ಅಲ್ಲ, ಪಂಚಾಯ್ತಿಯವರೂ ಅಲ್ಲ. ಕಾಡಿನ ಕೆಲಸ, ಉಣುಗು, ಮಂಗನ ಕಾಯಿಲೆ, ಇದರ ಬಗ್ಗೆ ಮನೆಮನೆಯ ಅನುಭವ ಕೇಳ್ತಾ ಇದ್ದೇವೆ. ಇದರಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತಿಲ್ಲ. ನಿಮ್ಮ ಹೆಸರು, ಊರಿನ ಹೆಸರು ಎಲ್ಲೂ ಬರೆಯೋದಿಲ್ಲ. ಬೇಡ ಅನ್ನಿಸಿದ ಪ್ರಶ್ನೆಗೆ ಉತ್ತರ ಕೊಡಬೇಡಿ, ನಡುವೆ ಸಾಕು ಅಂದರೆ ಅಲ್ಲಿಗೇ ನಿಲ್ಲಿಸ್ತೇವೆ. ಇದರಿಂದ ನಿಮಗೆ ದುಡ್ಡು, ಔಷಧಿ ಏನೂ ಸಿಗೋದಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. ಮಾತು ಮರೆಯಬಾರದು ಅಂತ ರೆಕಾರ್ಡ್ ಮಾಡಿಕೊಳ್ಳಲಾ? ಬೇಡ ಅಂದರೆ ಬರೆದುಕೊಳ್ತೇನೆ."

ಗಂಡ ಅಥವಾ ಮಗ "ಮಾಡ್ಕೊಳ್ಳಿ" ಅಂದರೆ ಅದು ಆಕೆಯ ಒಪ್ಪಿಗೆಯಲ್ಲ. ಆಕೆಯ ಮುಖ ನೋಡಿ ಇನ್ನೊಮ್ಮೆ ಕೇಳಿ. ಕಾಯಿಲೆಯ ಹೆಸರನ್ನು ಇಲ್ಲಿ ಒಮ್ಮೆ ಹೇಳಲೇಬೇಕು, ಮುಚ್ಚಿಡುವುದು ಮೋಸ. ಇಲ್ಲಿಂದಾಚೆ ಅವರಾಗಿ ಎತ್ತುವ ತನಕ ನೀವು ಎತ್ತಬೇಡಿ.

ಪ್ರಶ್ನೆಗಳು

1. ಕಡೇ ಸಲ ಕಾಡಿಗೆ ಹೋಗಿದ್ದು ಯಾವತ್ತು? ಅವತ್ತು ಬೆಳಿಗ್ಗೆ ಎದ್ದಲ್ಲಿಂದ ಹೇಳಿ.

– ಯಾರ್ಯಾರು ಹೋಗಿದ್ದಿರಿ? ಹೋಗೋಣ ಅಂದಿದ್ದು ಯಾರು?
– ಏನು ಉಟ್ಟಿದ್ದಿರಿ? ಕಾಲಿಗೆ?
– ದರಗು ಗುಡಿಸಿದಿರಿ. ಆಮೇಲೆ ಕಟ್ಟಿದ್ದು ಹೇಗೆ, ಹೊತ್ತಿದ್ದು ಹೇಗೆ?
– ಮನೆಗೆ ಬಂದ ಕೂಡಲೇ ಮೊದಲು ಮಾಡಿದ ಕೆಲಸ?

ಇಡೀ ಸಂದರ್ಶನಕ್ಕೆ ಇದೇ ಅಡಿಪಾಯ. ಹದಿನೈದು ನಿಮಿಷ ಹೋದರೂ ಹೋಗಲಿ. "ಸಾಮಾನ್ಯವಾಗಿ ಏನು ಮಾಡ್ತೀರಿ?" ಅಂತ ಕೇಳಿದರೆ ಪಾಠ ಬರುತ್ತದೆ, "ಅವತ್ತು" ಅಂದರೆ ಕತೆ ಬರುತ್ತದೆ. ಅವರು "ನಾವೆಲ್ಲ ಹೀಗೇ ಮಾಡೂದು" ಅಂತ ಜಾರಿದರೆ, "ಅವತ್ತೂ ಹಾಗೇ ಆಯ್ತಾ?" ಅಂತ ಮೆಲ್ಲಗೆ ವಾಪಸ್ ಕರೆತನ್ನಿ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ ಅನ್ನುವುದು ಎಲ್ಲರಿಗೂ ಹೇಳಿಕೊಟ್ಟ ಮಾತು. ನಿಜಕ್ಕೂ ಮೊದಲು ಆಗಿದ್ದು ಒಲೆ ಹಚ್ಚುವುದೋ, ಕರುವಿಗೆ ಹುಲ್ಲು ಹಾಕುವುದೋ ಕೇಳಿ. ಹಂಡೆಯಲ್ಲಿ ಆಗ ನೀರು ಕಾದಿತ್ತಾ ಅಂತಲೂ ಕೇಳಿ.

2. ಅವತ್ತೋ ಆಮೇಲೋ ಮೈಮೇಲೆ ಉಣುಗು ಕಂಡಿತಾ? ಕಂಡಾಗ ಏನು ಮಾಡಿದಿರಿ?

– ಮೊದಲು ನೋಡಿದ್ದು ಯಾರು? ಮೈಯ ಯಾವ ಭಾಗದಲ್ಲಿ?
– ದನದ ಮೈಮೇಲಿನ ಉಣುಗು, ಮನುಷ್ಯರಿಗೆ ಹತ್ತುವುದು, ನಿಮ್ಮ ಪ್ರಕಾರ ಎರಡೂ ಒಂದೇನಾ?
– ಕಾಣದಷ್ಟು ಸಣ್ಣದಕ್ಕೆ ನಿಮ್ಮ ಕಡೆ ಬೇರೆ ಹೆಸರಿದೆಯಾ?

ಜನರಿಗೆ ಹೆಚ್ಚಾಗಿ ಕಾಯಿಲೆ ದಾಟಿಸುವುದು ಉಣುಗಿನ ಮರಿ. ಡಿಸೆಂಬರ್‌ನಿಂದ ಮೇ ತನಕ ಅದರ ಹಾವಳಿ. ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಅವರು "ಉಣುಗು" ಅಂದಾಗ ಮನಸ್ಸಿನಲ್ಲಿರುವುದು ದನದ ಕಿವಿಯ ದಪ್ಪ ಉಣುಗಾದರೆ, "ಕಚ್ಚಿಲ್ಲ" ಅನ್ನುವ ಉತ್ತರಕ್ಕೆ ಅರ್ಥವೇ ಬೇರೆ. ಆದರೆ ತಿದ್ದಲು ಹೋಗಬೇಡಿ. ಅವರ ಹೆಸರನ್ನೇ ಬರೆದುಕೊಂಡು ಮುಂದೆ ಅದನ್ನೇ ಬಳಸಿ.

3. ಮನೆಯಲ್ಲಿ ಎಣ್ಣೆ ಬಾಟಲಿ ಇದೆಯಾ? ಅದು ಮನೆಗೆ ಬಂದ ಮೇಲಿನ ಕತೆ ಹೇಳಿ.

– ಯಾರು ತಂದುಕೊಟ್ಟರು, ಕೊಡುವಾಗ ಏನು ಹೇಳಿದರು?
– ಈಗ ಎಲ್ಲಿಟ್ಟಿದ್ದೀರಿ? ನೋಡಬಹುದಾ?
– ಮೊದಲ ಸಲ ಹಚ್ಚಿದ ದಿನ ಹೇಗನ್ನಿಸಿತು? ಬೆವರು ಬಂದ ಮೇಲೆ?
– ಹಚ್ಚದೆ ಹೋದ ದಿನವೂ ಇರುತ್ತೆ ಅಲ್ವಾ? ಅಂಥದ್ದೊಂದು ದಿನ ನೆನಪಿದೆಯಾ?
– ಹಚ್ಚಿಕೊಂಡು ಕೊಟ್ಟಿಗೆಗೆ ಹೋದಾಗ ದನ ಏನು ಮಾಡಿತು?
– ಮನೆಯಲ್ಲಿ ಯಾರು ಹಚ್ತಾರೆ, ಯಾರು ಹಚ್ಚೋದಿಲ್ಲ?

ನಾಲ್ಕನೇ ಗೆರೆ ನೋಡಿ. ಹಚ್ಚದಿರುವುದು ತಪ್ಪಲ್ಲ ಅನ್ನುವ ಜಾಗ ಅದು ಮಾಡಿಕೊಡುತ್ತದೆ. ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆಯ ಗಡಿಯಲ್ಲೂ ಇದೆ, ನನಗೆ ಗೊತ್ತು. ಆದ್ದರಿಂದ ಒಂದೇ ಸಲ, ನಗುನಗುತ್ತಾ ಕೇಳಿ. ಇಲ್ಲ ಅಂದರೆ ಬಿಟ್ಟುಬಿಡಿ. "ಯಾಕೆ ಹಚ್ಚಲಿಲ್ಲ?" ಅಂತ ಮಾತ್ರ ಕೇಳಲೇಬೇಡಿ. "ಯಾಕೆ" ಅಂದರೆ ಬೈದ ಹಾಗೆ ಕೇಳಿಸುತ್ತದೆ. "ಅವತ್ತು ಏನಾಗಿತ್ತು?" ಅನ್ನಿ.

4. ಮನೆಯಲ್ಲಾಗಲಿ, ಅಕ್ಕಪಕ್ಕದಲ್ಲಾಗಲಿ ಆ ಜ್ವರ ಬಂದಿದ್ದು ನೆನಪಿದೆಯಾ? ಮೊದಲ ದಿನದಿಂದ ಹೇಳಿ.

– ಇದು ಬರೀ ಜ್ವರ ಅಲ್ಲ ಅಂತ ಯಾರಿಗೆ, ಯಾವಾಗ ಅನ್ನಿಸಿತು?
– ಮೊದಲು ಏನು ಕೊಟ್ಟಿರಿ? ಕಷಾಯ, ಮಾತ್ರೆ, ನಾಟಿ ಔಷಧಿ?
– ಆಸ್ಪತ್ರೆಗೆ ಹೋಗೋಣ ಅಂದಿದ್ದು ಯಾರು? ಬೇಡ ಅಂದವರು?
– ಹೋಗಿದ್ದು ಯಾವ ಗಾಡಿಯಲ್ಲಿ? ಮನೆ, ದನ ಯಾರು ನೋಡಿಕೊಂಡರು?

ಪ್ರತಿ ದಿನಕ್ಕೂ "ಆಮೇಲೆ?" ಅನ್ನುವುದೊಂದೇ ಕೆದಕು ಸಾಕು. ತಾರೀಕು ನೆನಪಿರುವುದಿಲ್ಲ, ಹಬ್ಬ, ಸಂತೆ, ಕೊಯ್ಲು ನೆನಪಿರುತ್ತದೆ. "ಶಿವರಾತ್ರಿಗೆ ಮುಂಚೆನಾ, ಆಮೇಲಾ?" ಅಂತ ಕೇಳಿ.

ಈ ಕಾಯಿಲೆಯಲ್ಲಿ ಜೀವ ಹೋದ ಮನೆಗಳಿವೆ. ಸಾಗರದ ಅರಳಗೋಡು ಕಡೆ 2018–19ರಲ್ಲಿ ಆಗಿದ್ದನ್ನು ಯಾರೂ ಮರೆತಿಲ್ಲ. ಮಾತು ಅಲ್ಲಿಗೆ ಬಂದರೆ ಪೆನ್ನು ಕೆಳಗಿಡಿ. "ರೆಕಾರ್ಡ್ ನಿಲ್ಲಿಸಲಾ?" ಅಂತ ಕೇಳಿ. ಸುಮ್ನೆ ಕೂತಿರಿ, ಸಮಾಧಾನದ ಭಾಷಣ ಬೇಡ. ಅವರೇ ಮತ್ತೆ ಶುರು ಮಾಡಿದರೆ ಮಾತ್ರ ಮುಂದುವರಿಸಿ. ಇಲ್ಲದಿದ್ದರೆ ಅವತ್ತಿನ ಸಂದರ್ಶನ ಅಷ್ಟೇ, ಉಳಿದ ಪ್ರಶ್ನೆ ಕೇಳದೆ ಎದ್ದು ಬಂದರೂ ಅಧ್ಯಯನಕ್ಕೆ ನಷ್ಟವಿಲ್ಲ.

5. ಕಾಡಿನಲ್ಲಿ ಮಂಗ ಸತ್ತಿದ್ದು ನೋಡಿದ್ದೀರಾ? ಯಾರಿಗೆ ಹೇಳಿದಿರಿ?

– ಕಪ್ಪು ಮುಖದ ಮುಸಿಯನಾ, ಕೆಂಪು ಮುಖದ ಮಂಗನಾ?
– ಹೇಳಿದ ಮೇಲೆ ಊರಿನಲ್ಲಿ ಏನಾಯಿತು?
– ಆಮೇಲೆ ಆ ದಾರಿಯಲ್ಲಿ ಹೋಗೋದು ಬಿಟ್ಟಿರಾ?

6. ಮೊದಲು ಲಸಿಕೆ ಹಾಕ್ತಿದ್ದರಲ್ಲ, ನೀವು ಹಾಕಿಸಿಕೊಂಡಿದ್ದಿರಾ?

– ಎಷ್ಟು ಸಲ? ಮುಂದಿನದಕ್ಕೆ ಹೋದಿರಾ?
– ಅದು ನಿಂತ ಸುದ್ದಿ ನಿಮಗೆ ತಲುಪಿದ್ದು ಹೇಗೆ?

ಹಳೇ ಲಸಿಕೆ ನಿಂತಿದ್ದು 2022ರಲ್ಲಿ. ಯಾಕೆ ನಿಲ್ಲಿಸಿದರು ಅಂತ ನಿಮ್ಮನ್ನೇ ಕೇಳುತ್ತಾರೆ. ಆಗ "ಅದನ್ನು ಕಡೆಯಲ್ಲಿ ಮಾತಾಡೋಣ, ಮೊದಲು ನಿಮಗೆ ಏನನ್ನಿಸಿತು ಹೇಳಿ" ಅನ್ನಿ. ಕಡೆಯಲ್ಲಿ ಮಾತಾಡುವುದನ್ನು ಮಾತ್ರ ಮರೆಯಬೇಡಿ.

7. ನಾಳೆ ದರಗು ತರುವುದು ಬೇಡ ಅಂತ ಯಾರಾದರೂ ಹೇಳಿದರೆ ಮನೆಯಲ್ಲಿ ಏನಾಗುತ್ತದೆ?

– ಕೊಟ್ಟಿಗೆಗೆ ಏನು ಹಾಸುತ್ತೀರಿ? ತೋಟಕ್ಕೆ ಗೊಬ್ಬರ?
– ಕೂಲಿಗೆ ಹೋಗುವವರಾದರೆ: ಅವತ್ತಿನ ಸಂಬಳ?

ಮುಗಿಸುವಾಗ

8. ನಾನು ಕೇಳಬೇಕಿತ್ತು, ಕೇಳಲಿಲ್ಲ ಅನ್ನುವಂಥದ್ದು ಏನಾದರೂ ಇದೆಯಾ?

ಇದನ್ನು ಕೇಳಿ ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡಿರಿ. ಹತ್ತು ಸೆಕೆಂಡು ತುಂಬಾ ಉದ್ದ ಅನ್ನಿಸುತ್ತದೆ, ಮನಸ್ಸಿನಲ್ಲಿ ಎಣಿಸಿ. ರೆಕಾರ್ಡ್ ನಿಲ್ಲಿಸಿದ ಮೇಲೆ, ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಬರುವ ಮಾತೇ ಎಷ್ಟೋ ಸಲ ಗಟ್ಟಿ. ಅದನ್ನು ಬಳಸಬೇಕಾದರೆ "ಈಗ ಹೇಳಿದ್ದನ್ನೂ ಬರೆದುಕೊಳ್ಳಲಾ ಅಮ್ಮ?" ಅಂತ ಕೇಳಿಯೇ ಬರೆಯಿರಿ.

ಮನೆಯಲ್ಲಿ ಈಗಲೇ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಇದ್ದರೆ ಅಲ್ಲಿಗೆ ನಾವು ಸಂಶೋಧಕರಲ್ಲ. ಪ್ರಶ್ನೆ ಬಿಟ್ಟು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಹೋಗಲು ಗಾಡಿ ಇದೆಯಾ ನೋಡಿ.

ವಾಪಸ್ ಬರುವ ಬಸ್ಸಿನಲ್ಲೇ ಒಂದು ಪುಟ ಬರೆಯಿರಿ: ಯಾರು ಪಕ್ಕದಲ್ಲಿ ಕೂತಿದ್ದರು, ಯಾವ ಪ್ರಶ್ನೆಗೆ ಮಾತು ನಿಂತಿತು, ಬಾಟಲಿ ಎಲ್ಲಿತ್ತು, ಸೀಲ್ ಒಡೆದಿತ್ತಾ. ಮೂರು ಸಂದರ್ಶನ ಆದ ಮೇಲೆ ಮೂವರೂ ಕೂತು ಈ ಹಾಳೆಯನ್ನು ತಿದ್ದೋಣ. ಐದನೇ ಪ್ರಶ್ನೆ ಉಳಿಯುತ್ತದೋ ಇಲ್ಲವೋ ನನಗೇ ಅನುಮಾನ.