ಮನೆ ಕಂದಾಯದ ವಿಷಯ, ಬಿಡುವಾದಾಗ ಓದಿ

ರೀ, ಮೀಟಿಂಗ್ ಮುಗಿದ ಮೇಲೆ ನಿಧಾನವಾಗಿ ನೋಡಿ. ಗಾಬರಿಯಾಗುವಂಥದ್ದೇನೂ ಇಲ್ಲ.

ಮನೆ ಕಂದಾಯ ಇನ್ನೂ ಕಟ್ಟಿಲ್ಲ ಅಲ್ವಾ? ಏಪ್ರಿಲ್ 30ರ ಒಳಗೆ ಇಡೀ ವರ್ಷದ್ದು ಒಟ್ಟಿಗೆ ಕಟ್ಟಿದರೆ 5% ರಿಯಾಯಿತಿ ಸಿಗುತ್ತೆ. ನಮಗೆ ಹೆಚ್ಚುಕಡಿಮೆ 450 ರೂಪಾಯಿ ಉಳಿಯುತ್ತೆ. ಈ ತಿಂಗಳು ನಿಮಗೆ ಆಡಿಟ್ ಕೆಲಸ, ಮಧ್ಯೆ ಮಾವನವರ ಮಂಡಿ ಆಪರೇಷನ್, ಆಸ್ಪತ್ರೆ ಓಡಾಟ. ರಾತ್ರಿ ಹತ್ತಕ್ಕೆ ಊಟಕ್ಕೆ ಕೂರುವವರ ಹತ್ತಿರ ಇದನ್ನು ಎತ್ತೋದಕ್ಕೆ ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೇಲಿನ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ, ಫಾರಂ 4 ತುಂಬಬೇಕಾ 5 ತುಂಬಬೇಕಾ ಅಂತ ನೀವು ಯೋಚಿಸುತ್ತಿದ್ದಿರಿ. ನನಗೆ ಅನಿಸೋದು ಹೀಗೆ. ಫಾರಂ 5 ಬೇಕಾಗೋದು ಕಟ್ಟಡ ಜಾಸ್ತಿಯಾದಾಗ, ಇಲ್ಲವೇ ಮನೆಯ ಬಳಕೆ ಬದಲಾದಾಗ. ಸ್ವಂತಕ್ಕೆ ಇಟ್ಟುಕೊಂಡಿದ್ದನ್ನು ಬಾಡಿಗೆಗೆ ಕೊಟ್ಟರೆ ಅದೂ ಬದಲಾವಣೆಯೇ, ದರವೂ ಬೇರೆ. ನಮ್ಮದರಲ್ಲಿ ಅಂಥದ್ದೇನೂ ಆಗಿಲ್ಲ. ಮೇಲಿನ ಮನೆ ಹೋದ ವರ್ಷವೂ ಬಾಡಿಗೆಗೆ ಇತ್ತು, ಈಗಲೂ ಇದೆ. ಜನ ಬದಲಾದರು, ಅಷ್ಟೇ. ಹಾಗಾಗಿ ಫಾರಂ 4 ಸಾಕು. ನೀವೂ ಒಂದು ಸಲ ನೋಡಿಬಿಡಿ, ಇದರಲ್ಲಿ ನಿಮ್ಮ ಲೆಕ್ಕವೇ ನನಗೆ ಧೈರ್ಯ.

ಹೋದ ವರ್ಷದ ರಸೀದಿ ಬೀರುವಿನಲ್ಲಿ ಸಿಕ್ಕಿತು. ಅಪ್ಲಿಕೇಶನ್ ನಂಬರ್ ಅದರಲ್ಲೇ ಇದೆ. ಆ ನಂಬರಿನ ಜೊತೆ ಮಾವನವರ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರ ಹಾಕಿದರೆ ವಿವರ ಬರುತ್ತೆ. ರಸೀದಿಯ ಫೋಟೋ ಈಗಲೇ ಕಳಿಸುತ್ತೇನೆ. ಅಳತೆ, ವಲಯ ಎಲ್ಲ ಅದಕ್ಕೆ ಹೋಲಿಸಿ ನೋಡಿಕೊಂಡರಾಯಿತು. ಕಸದ ಶುಲ್ಕವೂ ಇದರ ಜೊತೆಗೇ ಸೇರಿ ಬರುತ್ತೆ, ಮೊತ್ತ ಸ್ವಲ್ಪ ಜಾಸ್ತಿ ಕಂಡರೆ ಅದನ್ನೂ ನೋಡಿ.

ಈ ಶನಿವಾರ ಸಂಜೆ ಕಾಫಿ ಆದಮೇಲೆ ಇಬ್ಬರೂ ಕೂತು ಮುಗಿಸೋಣವಾ? ನಾನು ಓದಿ ಹೇಳುತ್ತೇನೆ, ನೀವು ಟೈಪ್ ಮಾಡಿ. ಆ ದಿನವೂ ಆಫೀಸಿಗೆ ಹೋಗಬೇಕಾದರೆ ಹೇಳಿಬಿಡಿ, ನನ್ನ ಅಕೌಂಟಿನಿಂದಲೇ ಕಟ್ಟುತ್ತೇನೆ. ಯಾರು ಕಟ್ಟಿದರೂ ಒಂದೇ. ಕೊನೇ ದಿನದವರೆಗೆ ಇಟ್ಟುಕೊಳ್ಳೋದು ಮಾತ್ರ ಬೇಡ, ಆಗ ಎಲ್ಲರೂ ಒಟ್ಟಿಗೆ ಕಟ್ಟೋಕೆ ಕೂರುತ್ತಾರೆ.

ಇನ್ನೊಂದು ಮಾತು. ಮಾವನವರು ಪ್ರತಿ ವರ್ಷ ಯುಗಾದಿ ಮುಗಿದ ಕೂಡಲೇ ತಾವೇ ಹೋಗಿ ಕಟ್ಟಿ ಬರುತ್ತಿದ್ದರು. ನಿಮ್ಮನ್ನು ಕೇಳೋಕೆ ಸಂಕೋಚ ಅವರಿಗೆ. ನಿನ್ನೆ ಮಾತ್ರೆ ಕೊಡುವಾಗ 'ಕಂದಾಯ ಆಯ್ತೇನಮ್ಮ?' ಅಂತ ಮೆಲ್ಲಗೆ ಕೇಳಿದರು. 'ಈ ವಾರ ಕಟ್ತೀವಿ ಮಾವ' ಅಂದೆ. ಕಟ್ಟಿದ ಮೇಲೆ ರಸೀದಿ ನನಗೂ ಕಳಿಸಿ. ಮೂಲೆ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅವರ ಫೈಲಿಗೆ ಹಾಕುತ್ತೇನೆ.

ಮಧ್ಯಾಹ್ನದ ಡಬ್ಬಿಯಲ್ಲಿ ಮೊಸರನ್ನ ಕೆಳಗಿದೆ, ಬಿಡಬೇಡಿ.