ಕೆಂಗೇರಿ ಸೈಟಿನ ಸಮಸ್ಯೆ: ಪ್ರತಿಕೂಲ ಸ್ವಾಧೀನ (ಪ್ರಶ್ನೆ 5, 20 ಅಂಕ)

ಪ್ರಶ್ನೆ: ಬೆಂಗಳೂರಿನ ಕೆಂಗೇರಿ ಬಳಿಯ ಖಾಸಗಿ ಬಡಾವಣೆಯಲ್ಲಿ 30×40 ಅಡಿಯ ಸೈಟೊಂದನ್ನು ವೆಂಕಟಾಚಲ 1990ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡರು. 1996ರಲ್ಲಿ ಕೆಲಸದ ಮೇಲೆ ಮಸ್ಕತ್‌ಗೆ ಹೊರಟಾಗ, ಪರಿಚಯದ ಮುನಿಯಪ್ಪನಿಗೆ ಅಲ್ಲಿದ್ದ ಶೆಡ್ಡಿನಲ್ಲಿ ವಾಸವಿದ್ದು ಜಾಗ ನೋಡಿಕೊಳ್ಳಲು ಹೇಳಿದರು. ಬಾಡಿಗೆಯಿಲ್ಲ, ಕರಾರೂ ಇಲ್ಲ. 2003ರಲ್ಲಿ ವೆಂಕಟಾಚಲ ತೀರಿಕೊಂಡರು. ಅವರ ಏಕೈಕ ವಾರಸುದಾರ ಮಗ ರಘುನಂದನ ಮಸ್ಕತ್‌ನಲ್ಲೇ ನೆಲೆಸಿದ್ದಾನೆ. 2006ರಲ್ಲಿ ಮುನಿಯಪ್ಪ ಶೆಡ್ಡು ಕಿತ್ತು ಎರಡು ಕೋಣೆಯ ಆರ್‌ಸಿಸಿ ಮನೆ ಕಟ್ಟಿ, ಬೆಸ್ಕಾಂ ಮೀಟರನ್ನು ತನ್ನ ಹೆಸರಿಗೆ ಹಾಕಿಸಿಕೊಂಡ. 2008ರ ಆಗಸ್ಟ್ 10ರಂದು ರಘುನಂದನ ಊರಿಗೆ ಬಂದು ಜಾಗ ಬಿಡಲು ಕೇಳಿದಾಗ, "ಇದು ನನ್ನ ಜಾಗ, ಏನು ಬೇಕಾದರೂ ಮಾಡಿಕೊಳ್ಳಿ" ಎಂದು ಅಂದೇ ಬರೆದುಕೊಟ್ಟ. 2010ರಲ್ಲಿ ರಘುನಂದನ ಪೊಲೀಸರಿಗೆ ದೂರು ಕೊಟ್ಟ. ಅವರು ಸಿವಿಲ್ ವಿಷಯವೆಂದು ಹಿಂಬರಹ ಕೊಟ್ಟರು. 2014ರ ನವೆಂಬರ್ 22ರಂದು ಮುನಿಯಪ್ಪ ರಘುನಂದನನ ಚಿಕ್ಕಪ್ಪನಿಗೆ ಸಹಿ ಹಾಕಿದ ಪತ್ರ ಬರೆದ: "ಬರುವ ವೈಶಾಖದಲ್ಲಿ ಮಗಳ ಮದುವೆ ಇದೆ ಸ್ವಾಮಿ. ಅಲ್ಲಿವರೆಗೂ ಇರಲು ಬಿಡಿ. ಆಮೇಲೆ ನಿಮ್ಮ ಹುಡುಗನ ಸೈಟು ಅವನಿಗೆ ಬಿಟ್ಟುಕೊಡುತ್ತೇನೆ." ಬಿಟ್ಟುಕೊಡಲಿಲ್ಲ. 2023ರ ಜನವರಿಯಲ್ಲಿ ಮುನಿಯಪ್ಪ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ವೆಂಕಟಾಚಲ 1996ರಲ್ಲೇ ಬಾಯಿಮಾತಿನಲ್ಲಿ ಸೈಟನ್ನು ದಾನ ಕೊಟ್ಟರೆಂದೂ, ಇಲ್ಲವಾದರೆ ಪ್ರತಿಕೂಲ ಸ್ವಾಧೀನದಿಂದ ತಾನೇ ಮಾಲೀಕನೆಂದೂ ಘೋಷಣೆ ಮತ್ತು ಶಾಶ್ವತ ತಡೆಯಾಜ್ಞೆ ಕೇಳಿದ್ದಾನೆ. 2023ರ ಫೆಬ್ರವರಿ 14ರಂದು ರಘುನಂದನ ಅದೇ ದಾವೆಯಲ್ಲಿ ಸ್ವಾಧೀನ ಕೋರಿ ಕೌಂಟರ್ ಕ್ಲೇಮ್, ಅಂದರೆ ಪ್ರತಿವಾದಿಯ ಎದುರು ಕೋರಿಕೆ, ಸಲ್ಲಿಸಿದ್ದಾನೆ.

(ಅ) ತೀರ್ಮಾನಿಸಿ. (ಆ) 2014ರ ಪತ್ರವೇ ಇರದಿದ್ದರೆ ನಿಮ್ಮ ಉತ್ತರ ಬದಲಾಗುತ್ತಿತ್ತೇ?

ಉತ್ತರ:

(ಅ) ಈ ದಾವೆಯ ಹಣೆಬರಹ ಇರುವುದು 2014ರ ಪತ್ರದಲ್ಲಿ. ಇಪ್ಪತ್ತಾರು ವರ್ಷದ ವಾಸ, ಆರ್‌ಸಿಸಿ ಮನೆ, ಮೀಟರು ಇವೆಲ್ಲ ಕಣ್ಣಿಗೆ ದೊಡ್ಡದಾಗಿ ಕಾಣುತ್ತವೆ. ಆದರೆ ಎಷ್ಟು ವರ್ಷ ಇದ್ದ ಎನ್ನುವುದಕ್ಕಿಂತ ಯಾವ ಹಕ್ಕಿನ ಮಾತಿನಲ್ಲಿ ಇದ್ದ ಎನ್ನುವುದೇ ಇಲ್ಲಿ ಮುಖ್ಯ.

ಪ್ರತಿಕೂಲ ಸ್ವಾಧೀನವೆಂದರೆ ಬೇರೆಯವರ ಜಾಗವನ್ನು ಅವರ ಹಕ್ಕು ನಿರಾಕರಿಸಿ, ತನ್ನದೆಂದೇ ಬಹಿರಂಗವಾಗಿ ಹಿಡಿದಿರುವುದು. ಅದಕ್ಕೆ ಅನ್ವಯಿಸುವುದು ಕಾಲಮಿತಿ ಕಾಯ್ದೆ, 1963ರ ಅನುಚ್ಛೇದ 65. ಒಡೆತನದ ಆಧಾರದ ಮೇಲೆ ಸ್ಥಿರಾಸ್ತಿಯ ಸ್ವಾಧೀನ ಕೇಳುವ ದಾವೆಗೆ 12 ವರ್ಷ ಕಾಲಾವಕಾಶವಿದೆ. ಅದು ಪ್ರತಿವಾದಿಯ ಸ್ವಾಧೀನ ಪ್ರತಿಕೂಲವಾದ ದಿನದಿಂದ ಓಡುತ್ತದೆ. ಆ ಅವಧಿ ಮುಗಿದರೆ ಕಲಂ 27ರ ಪ್ರಕಾರ ಮಾಲೀಕನ ಹಕ್ಕೇ ನಶಿಸುತ್ತದೆ. 1908ರ ಹಳೆಯ ಕಾಯ್ದೆಯ ಅನುಚ್ಛೇದ 142ರಡಿ ಮಾಲೀಕನೇ ತಾನು 12 ವರ್ಷದೊಳಗೆ ಸ್ವಾಧೀನದಲ್ಲಿದ್ದೆನೆಂದು ರುಜುವಾತು ಮಾಡಬೇಕಿತ್ತು. 1963ರಲ್ಲಿ ಆ ಭಾರ ತಿರುಗಿತು. ಈಗ ಒಡೆತನ ತೋರಿಸಿದರೆ ಮಾಲೀಕನ ಕೆಲಸ ಮುಗಿಯಿತು. ಪ್ರತಿಕೂಲತೆಯನ್ನು ಸಾಬೀತುಪಡಿಸುವ ಹೊಣೆ ಅದನ್ನು ಹೇಳುವವನದು. ರಘುನಂದನನ ಕೈಯಲ್ಲಿ 1990ರ ಕ್ರಯಪತ್ರವಿದೆ, ವಾರಸುದಾರಿಕೆ ವಿವಾದದಲ್ಲಿಲ್ಲ. ಆದ್ದರಿಂದ ಹೊರೆ ಪೂರ್ತಿ ಮುನಿಯಪ್ಪನ ಮೇಲಿದೆ.

ಅವನು ದಾವೆ ಹೂಡಬಹುದೇ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಪ್ರತಿಕೂಲ ಸ್ವಾಧೀನ ಬರೀ ಗುರಾಣಿ, ಕತ್ತಿಯಲ್ಲ ಎಂದು ಗುರುದ್ವಾರ ಸಾಹಿಬ್ (2014) ಪ್ರಕರಣದಲ್ಲಿ ಹೇಳಿದ್ದನ್ನು ರವೀಂದರ್ ಕೌರ್ ಗ್ರೇವಾಲ್ ವಿರುದ್ಧ ಮಂಜಿತ್ ಕೌರ್ (2019) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. ವಾದಿಯಾಗಿಯೂ ಈ ಹಕ್ಕು ಕೇಳಬಹುದು.

ಇನ್ನು ಬಾಯಿಮಾತಿನ ದಾನ. ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 123ರ ಪ್ರಕಾರ ಸ್ಥಿರಾಸ್ತಿಯ ದಾನಕ್ಕೆ ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರ ಬೇಕು. ಅದಿಲ್ಲದೆ ಒಡೆತನ ಹೋಗುವುದಿಲ್ಲ. ಆದರೆ ಇಲ್ಲಿಗೆ ನಿಲ್ಲಿಸಿದರೆ ಉತ್ತರ ಅರ್ಧವಾದೀತು. ಅಸಿಂಧು ದಾನದಡಿ ಕೂತವನು ತನ್ನದೆಂದೇ ಕೂತಿರುತ್ತಾನೆ, ಆದ್ದರಿಂದ ಅವನ ಸ್ವಾಧೀನ ಮೊದಲ ದಿನದಿಂದಲೇ ಪ್ರತಿಕೂಲವಾಗಬಲ್ಲದು. ನೋಂದಣಿಯಾಗದ ದಾನದ ಮಾತನ್ನು ಸ್ವಾಧೀನದ ಸ್ವರೂಪ ತಿಳಿಯಲು ನೋಡಬಹುದೆಂದು ವರದಾ ಪಿಳ್ಳೈ (1919) ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ. ಮುನಿಯಪ್ಪನ ಅತ್ಯುತ್ತಮ ವಾದ ಇದೇ, ಅವನ ವಕೀಲರು ಇದನ್ನೇ ಮುಂದಿಡಬೇಕು. ಆದರೆ ಅದು ನಿಲ್ಲುವುದಿಲ್ಲ. ಜಾಗ "ನೋಡಿಕೊಳ್ಳಲು" ಹೇಳಿದ್ದೆಂಬುದು ಸಂಗತಿಗಳಲ್ಲೇ ಇದೆ. ದಾನ ಪಡೆದವನು ಹದಿನೆಂಟು ವರ್ಷದ ಮೇಲೆ "ನಿಮ್ಮ ಹುಡುಗನ ಸೈಟು" ಎಂದು ಬರೆಯುವುದಿಲ್ಲ. ಜೊತೆಗೆ, ಒಡೆತನ ನನ್ನದೇ ಎನ್ನುವ ವಾದವೂ ಪ್ರತಿಕೂಲ ಸ್ವಾಧೀನದ ವಾದವೂ ಒಂದಕ್ಕೊಂದು ಹೊಂದುವುದಿಲ್ಲ ಎಂದು ಕರ್ನಾಟಕ ವಕ್ಫ್ ಮಂಡಳಿ ವಿರುದ್ಧ ಭಾರತ ಸರ್ಕಾರ (2004) ಪ್ರಕರಣ ಹೇಳುತ್ತದೆ. ಎದುರಿಗಿರುವವನು ನಿಜವಾದ ಮಾಲೀಕನೆಂದು ಒಪ್ಪಿಕೊಂಡಾಗ ಮಾತ್ರ ಅವನಿಗೆ ಪ್ರತಿಕೂಲವಾಗಿ ಇರಲು ಸಾಧ್ಯ. ಅದೇ ತೀರ್ಪಿನಂತೆ, ಸ್ವಾಧೀನ ಯಾವ ದಿನಾಂಕದಿಂದ ಪ್ರತಿಕೂಲವಾಯಿತು, ಅದು ಎದುರಾಳಿಗೆ ತಿಳಿದಿತ್ತೇ ಎಂಬುದನ್ನೆಲ್ಲ ವಾದಪತ್ರದಲ್ಲೇ ಸ್ಪಷ್ಟವಾಗಿ ಹೇಳಬೇಕು.

ಹಾಗಾದರೆ ಯಾವ ದಿನಾಂಕ? ಸ್ವಾಧೀನ ನೆಕ್ ವಿ, ನೆಕ್ ಕ್ಲಾಮ್, ನೆಕ್ ಪ್ರೆಕಾರಿಯೊ ಆಗಿರಬೇಕು, ಅಂದರೆ ಬಲಪ್ರಯೋಗವಿಲ್ಲದೆ, ಮುಚ್ಚುಮರೆಯಿಲ್ಲದೆ, ಯಾರ ಅನುಮತಿಯೂ ಇಲ್ಲದೆ. 1996ರಿಂದ ಇದ್ದದ್ದು ಅನುಮತಿಯ ಮೇಲೆ. ಅನುಮತಿಯ ಸ್ವಾಧೀನ ಎಷ್ಟೇ ದೀರ್ಘವಾಗಿದ್ದರೂ ತಾನಾಗಿಯೇ ಪ್ರತಿಕೂಲವಾಗುವುದಿಲ್ಲ ಎಂಬುದು ಠಾಕೂರ್ ಕಿಷನ್ ಸಿಂಗ್ (1994) ಪ್ರಕರಣದ ನಿಲುವು; ಕಾವಲಿಗೆ ಇಟ್ಟವನಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದು ಮರಿಯಾ ಮಾರ್ಗರಿಡಾ (2012) ಪ್ರಕರಣ ಹೇಳಿದೆ. ವೆಂಕಟಾಚಲ ತೀರಿಕೊಂಡದ್ದರಿಂದಲೂ ಸ್ವಾಧೀನದ ಬಣ್ಣ ಬದಲಾಗಲಿಲ್ಲ. 2006ರಲ್ಲಿ ಮನೆ ಕಟ್ಟಿದ್ದು ಅನುಮಾನ ಹುಟ್ಟಿಸುವಂಥದ್ದು, ಆದರೆ ಮಸ್ಕತ್‌ನಲ್ಲಿದ್ದ ಮಾಲೀಕನಿಗೆ "ನಿನ್ನ ಹಕ್ಕನ್ನು ನಾನು ಒಪ್ಪುವುದಿಲ್ಲ" ಎಂದು ತಿಳಿಸಿದ ಕೃತ್ಯ ಅದಲ್ಲ. ಕರ್ನಾಟಕದಿಂದಲೇ ಹೋದ ಪಿ.ಟಿ. ಮುನಿಚಿಕ್ಕಣ್ಣ ರೆಡ್ಡಿ ವಿರುದ್ಧ ರೇವಮ್ಮ (2007) ಪ್ರಕರಣದಲ್ಲಿ ನ್ಯಾಯಾಲಯ ಸ್ವಾಧೀನದ ಹಿಂದಿನ ಉದ್ದೇಶಕ್ಕೆ ಎಷ್ಟು ತೂಕ ಕೊಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. ಸ್ಪಷ್ಟ ನಿರಾಕರಣೆ ಬಂದದ್ದು 2008ರ ಆಗಸ್ಟ್ 10ರಂದು, ಮಾಲೀಕನ ಮುಖಕ್ಕೇ, ಬರವಣಿಗೆಯಲ್ಲಿ. ಗಡಿಯಾರ ಓಡಲಾರಂಭಿಸಿದ್ದು ಅಂದು.

2010ರ ಪೊಲೀಸ್ ದೂರು ಅದನ್ನು ನಿಲ್ಲಿಸಲಿಲ್ಲ. ದೂರಾಗಲಿ ನೋಟಿಸಾಗಲಿ ಕಾಲಮಿತಿಯನ್ನು ತಡೆಯದು, ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ರಘುನಂದನ ವಿದೇಶದಲ್ಲಿದ್ದದ್ದೂ ನೆರವಿಗೆ ಬಾರದು. ಕಾಲಮಿತಿ ಕಾಯ್ದೆಯ ಕಲಂ 15(5)ರಡಿ ಲೆಕ್ಕದಿಂದ ಬಿಡುವುದು ಪ್ರತಿವಾದಿ ಭಾರತದಿಂದ ಹೊರಗಿದ್ದ ಕಾಲವನ್ನೇ ಹೊರತು, ಹಕ್ಕು ಕೇಳುವವನು ಹೊರಗಿದ್ದ ಕಾಲವನ್ನಲ್ಲ. ಊರಿಂದ ದೂರ ದುಡಿಯುವ ಎಷ್ಟೋ ಕುಟುಂಬಗಳು ಇದನ್ನು ತಿಳಿಯದೆ ಸೈಟು ಕಳೆದುಕೊಳ್ಳುತ್ತವೆ ಎಂಬುದರಿಂದ ಇಷ್ಟು ಬಿಡಿಸಿ ಬರೆದಿದ್ದೇನೆ.

ಈಗ ಪತ್ರ. ಕಲಂ 18ರ ಪ್ರಕಾರ, ಕಾಲಮಿತಿ ಮುಗಿಯುವ ಮೊದಲು, ಹಕ್ಕು ಯಾರ ವಿರುದ್ಧ ಕೇಳಲಾಗುತ್ತಿದೆಯೋ ಅವನೇ ಸಹಿ ಹಾಕಿ ಆ ಸ್ವತ್ತಿನ ಬಗ್ಗೆ ಬರವಣಿಗೆಯಲ್ಲಿ ಹೊಣೆ ಒಪ್ಪಿಕೊಂಡರೆ, ಸಹಿಯ ದಿನದಿಂದ ಹೊಸ ಅವಧಿ ಶುರುವಾಗುತ್ತದೆ. 2014ರ ನವೆಂಬರ್‌ನಲ್ಲಿ ಇನ್ನೂ ಆರು ವರ್ಷ ದಾಟಿತ್ತಷ್ಟೆ. ಸಹಿ ಇದೆ. ಸೈಟು ರಘುನಂದನನದು, ಬಿಟ್ಟುಕೊಡುವ ಹೊಣೆ ತನ್ನದು ಎಂಬ ಎರಡೂ ಮಾತು ಅದರಲ್ಲಿವೆ. ಪತ್ರ ಹೋದದ್ದು ಚಿಕ್ಕಪ್ಪನಿಗೆ, ರಘುನಂದನನಿಗಲ್ಲ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಕಲಂ 18ರ ವಿವರಣೆ (ಎ) ಉತ್ತರ ಕೊಡುತ್ತದೆ: ಹಕ್ಕುದಾರನಲ್ಲದ ಬೇರೊಬ್ಬರಿಗೆ ಬರೆದದ್ದಾದರೂ ಒಪ್ಪಿಗೆ ಒಪ್ಪಿಗೆಯೇ. ಆದ್ದರಿಂದ ಹೊಸ 12 ವರ್ಷ 2026ರ ನವೆಂಬರ್‌ವರೆಗೆ ಹೋಗುತ್ತದೆ.

ಕಲಂ 18 ಬದಿಗಿಟ್ಟರೂ ಫಲಿತಾಂಶ ಅದೇ. ತನ್ನದಲ್ಲವೆಂದು ಬರೆದುಕೊಟ್ಟ ಗಳಿಗೆಯಲ್ಲೇ ಅವನ ಪ್ರತಿಕೂಲ ಮನಸ್ಸು, ಅನಿಮಸ್ ಪೊಸಿಡೆಂಡಿ, ಮುರಿಯಿತು. ಮದುವೆಯವರೆಗೆ ಇರಲು ಅನುಮತಿ ಬೇಡಿದವನು ಆ ಅವಧಿಗೆ ಮತ್ತೆ ಅನುಮತಿಯ ಮೇಲೆ ಇರುವವನಾದ. 2015ರ ವೈಶಾಖದ ನಂತರ ಬಿಡದೆ ಕೂತದ್ದನ್ನು ಹೊಸ ನಿರಾಕರಣೆ ಎಂದುಕೊಂಡರೂ 2023ಕ್ಕೆ 12 ವರ್ಷ ಆಗಿರಲಿಲ್ಲ.

ಕೌಂಟರ್ ಕ್ಲೇಮ್ ಅನ್ನು ಪ್ರತ್ಯೇಕ ದಾವೆಯೆಂದು, ಅದನ್ನು ಸಲ್ಲಿಸಿದ ದಿನವೇ ಹೂಡಿದ್ದೆಂದು ಕಲಂ 3(2)(ಬಿ) ಎಣಿಸುತ್ತದೆ. 2023ರ ಫೆಬ್ರವರಿ 14 ಕಾಲಮಿತಿಯೊಳಗಿದೆ. ಮನೆಯ ಬೆಲೆ ಕೊಡಿಸಬೇಕೆಂಬ ಬೇಡಿಕೆ ಬಂದರೆ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 51 ಅನ್ವಯಿಸದು. ಅವನು ಕೊಂಡವನೂ ಅಲ್ಲ, ತಾನೇ ಮಾಲೀಕನೆಂದು ಸದ್ಭಾವನೆಯಿಂದ ನಂಬಿ ಕಟ್ಟಿದವನೂ ಅಲ್ಲ. ಬೆಸ್ಕಾಂ ಬಿಲ್ಲು ವಾಸಕ್ಕೆ ಸಾಕ್ಷಿ, ಒಡೆತನಕ್ಕಲ್ಲ.

ಘೋಷಣೆಯ ಕೋರಿಕೆ ವಜಾ. ತಡೆಯಾಜ್ಞೆಯೂ ನಿಜ ಮಾಲೀಕನ ವಿರುದ್ಧ ಶಾಶ್ವತವಾಗಿ ಸಿಗದು. ಕೌಂಟರ್ ಕ್ಲೇಮ್ ಡಿಕ್ರಿಯಾಗಬೇಕು. ಆದರೆ ರಮೇ ಗೌಡ ವಿರುದ್ಧ ವರದಪ್ಪ ನಾಯ್ಡು (2004) ಪ್ರಕರಣದಂತೆ, ನೆಲೆಯೂರಿದ ಸ್ವಾಧೀನವನ್ನು ಮಾಲೀಕನೂ ಕಾನೂನಿನ ದಾರಿ ಬಿಟ್ಟು ಕಸಿಯುವಂತಿಲ್ಲ. ರಘುನಂದನ ಬೀಗ ಒಡೆದೋ ಜನ ಕರೆತಂದೋ ಅಲ್ಲ, ಅಮಲ್ಜಾರಿ, ಅಂದರೆ ಡಿಕ್ರಿಯನ್ನು ನ್ಯಾಯಾಲಯವೇ ಜಾರಿ ಮಾಡಿಸುವ ಕ್ರಮದ ಮೂಲಕವೇ ಸ್ವಾಧೀನ ಪಡೆಯಬೇಕು.

(ಆ) ಬದಲಾಗುತ್ತಿತ್ತು, ಪೂರ್ತಿಯಾಗಿ.

ಪತ್ರವಿಲ್ಲದಿದ್ದರೆ 2008ರ ಆಗಸ್ಟ್ 10ರಿಂದ 12 ವರ್ಷ 2020ರ ಆಗಸ್ಟ್‌ಗೆ ಮುಗಿಯುತ್ತದೆ. ಕೋವಿಡ್ ಕಾಲದ ರಿಯಾಯಿತಿಯನ್ನು ಇಲ್ಲಿ ಮರೆಯಬಾರದು. ಸರ್ವೋಚ್ಚ ನ್ಯಾಯಾಲಯದ 2022ರ ಜನವರಿ 10ರ ಆದೇಶದಂತೆ 15.03.2020ರಿಂದ 28.02.2022ರವರೆಗಿನ ಕಾಲವನ್ನು ಬಿಡಬೇಕು. 2022ರ ಮಾರ್ಚ್ 1ರಿಂದ 90 ದಿನ, ಅಥವಾ ಉಳಿದಿದ್ದ ಅವಧಿ ಹೆಚ್ಚಿದ್ದರೆ ಅಷ್ಟು ಸಿಗುತ್ತದೆ. ರಘುನಂದನನಿಗೆ ಉಳಿದಿದ್ದುದು ಸುಮಾರು 148 ದಿನ. ಅದು 2022ರ ಜುಲೈ ಕೊನೆಯ ವಾರಕ್ಕೆ ತೀರಿತು. ಅವನು ಬಂದದ್ದು 2023ರ ಫೆಬ್ರವರಿಯಲ್ಲಿ, ಆರು ತಿಂಗಳಿಗೂ ಹೆಚ್ಚು ತಡವಾಗಿ.

ಈ ಫಲ ನನಗೆ ಕಹಿಯೆನಿಸುತ್ತದೆ. ಹೇಮಾಜಿ ವಾಘಾಜಿ (2009) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ಕಾನೂನನ್ನು ಕಟುವಾಗಿ ಟೀಕಿಸಿ ಮರುಪರಿಶೀಲನೆಗೆ ಹೇಳಿತ್ತು. ಆದರೂ 2023ರ 280ನೇ ವರದಿಯಲ್ಲಿ ಕಾನೂನು ಆಯೋಗಕ್ಕೆ ಅವಧಿ ಹೆಚ್ಚಿಸಲು ಕಾರಣ ಕಾಣಲಿಲ್ಲ. ಶಾಸನ ಇರುವವರೆಗೆ ನ್ಯಾಯಾಧೀಶರು ಅದನ್ನು ಅನ್ವಯಿಸಲೇಬೇಕು.

ಮುನಿಯಪ್ಪನಿಗೂ ಒಂದು ಅಡ್ಡಿ ಉಳಿಯುತ್ತದೆ: ದಾನದ ಕಥೆ. ಅದನ್ನು ಕೈಬಿಟ್ಟು, 2008ರ ದಿನಾಂಕವನ್ನು ವಾದಪತ್ರದಲ್ಲಿ ನಮೂದಿಸಿ, ಆ ಬರವಣಿಗೆಯನ್ನೂ ನಂತರದ ನಿರಂತರ ವಾಸವನ್ನೂ ರುಜುವಾತು ಮಾಡಿದರೆ ಮಾತ್ರ ಅವನು ಗೆಲ್ಲುತ್ತಾನೆ. ದಾನಕ್ಕೇ ಅಂಟಿಕೊಂಡರೆ ಅವನ ಘೋಷಣೆಯ ದಾವೆ ಬೀಳಬಹುದು. ಹಾಗಾದರೂ 2008ರ ಬರವಣಿಗೆ ಸಾಕ್ಷ್ಯದಲ್ಲಿ ಬಂದಿದ್ದರೆ ರಘುನಂದನನ ಕೌಂಟರ್ ಕ್ಲೇಮಿನ ಮೇಲೆ ಅದರ ನೆರಳು ಬೀಳದೆ ಇರದು, ಏಕೆಂದರೆ ಕಲಂ 3ರ ಪ್ರಕಾರ ಕಾಲ ಮೀರಿದ ದಾವೆಯನ್ನು ಎದುರಾಳಿ ಆಕ್ಷೇಪಿಸದಿದ್ದರೂ ನ್ಯಾಯಾಲಯ ವಜಾ ಮಾಡಬೇಕು.